ಗದ್ದೆಮನೆ ಅಜ್ಜಿ ಜೀರಿಗೆ

ಸಾಗರದಿಂದ ಬಂದ ಬಸ್ಸು ನಿಮ್ಮನ್ನು ಇಳಿಸಿ ಹೋದ ಜಾಗದಿಂದ ಗದ್ದೆಮನೆಗೆ ಕೆಸರಿನ ಇಳಿಜಾರು. ಬೆಳಗಿನಿಂದ ಹೊಡೆದ ಆಷಾಢದ ಮಳೆ ಈಗಷ್ಟೇ ಹೊಳವಾಗಿದೆ. ದಣಪೆ ದಾಟಿ ಅಂಗಳಕ್ಕೆ ಕಾಲಿಟ್ಟರೆ ಜಗಲಿಯ ಮೇಲೆ ಸಾಮಾನು ಹರವಿದ್ದಾರೆ: ಹೊಸ ಬ್ಲೇಡು, ಉದ್ದಕ್ಕೆ ಸೀಳಿದ ಪ್ಲಾಸ್ಟಿಕ್ ಪಟ್ಟಿಗಳು, ಐಸ್‌ಕ್ಯಾಂಡಿ ತುಂಬುವ ಕೊಳವೆಯಂಥ ಲಕೋಟೆಗಳ ಒಂದು ಕಟ್ಟು. ಪಕ್ಕದಲ್ಲಿ ಕಪ್ಪು ಚೀಲಗಳಲ್ಲಿ ಐದು ಮಾವಿನ ಸಸಿಗಳು.

ಈ ಮನೆಯ ಅಜ್ಜಿ ಹೋದ ಶ್ರಾವಣದಲ್ಲಿ ತೀರಿಕೊಂಡರು. ಹೊಳೆಯಂಚಿನ ಅವರ ಮಿಡಿಮಾವಿನ ಮರಕ್ಕೆ ಒಂದು ಮರಿ ಮಾಡಿ, ಅದಕ್ಕೆ ಅವರ ಹೆಸರಿಡಬೇಕೆಂದು ಮನೆಯವರ ಆಸೆ. ವರ್ಷದ ತಿಥಿಯ ದಿನವೇ ಆಗಲಿ ಎಂದು ಮಗ ಹೇಳಿದ್ದರು. ಕಸಿ ಕಟ್ಟುವ ಮೇಲಿನಮನೆ ಭಾವ ಒಪ್ಪಲಿಲ್ಲ.

‘ತಿಥಿಗೆ ಇನ್ನೂ ಹದಿನೆಂಟು ದಿನ ಇದೆ ಭಾವ. ಅಷ್ಟರಲ್ಲಿ ಕಡ್ಡಿ ಚಿಗುರಿ ಹೋಗ್ತದೆ. ಚಿಗುರಿದ ಕಡ್ಡಿ ಕಟ್ಟಿದ್ರೆ ಬಾಡೋದೇ ಸೈ.’

ಹತ್ತು ದಿನದ ಹಿಂದೆಯೇ ಅವರು ಕೊನೆಗೌಡನನ್ನು ಮರ ಹತ್ತಿಸಿ, ಆರಿಸಿದ ಕಡ್ಡಿಗಳ ಎಲೆ ತೆಗೆಸಿದ್ದರು. ಎಲೆಯನ್ನಷ್ಟೇ, ತೊಟ್ಟು ಅಲ್ಲೇ ಇರಬೇಕು. ಎಲೆ ಹೋದ ಕಡ್ಡಿ ತನ್ನಲ್ಲಿದ್ದ ಸತ್ವವನ್ನೆಲ್ಲ ತುದಿಯ ಮೊಗ್ಗಿಗೆ ಕಳಿಸುತ್ತದೆ. ಮೊಗ್ಗು ಉಬ್ಬಬೇಕು, ಒಡೆಯಬಾರದು. ಆ ನಡುವಿನ ನಾಲ್ಕಾರು ದಿನವೇ ಕಸಿಯ ಮುಹೂರ್ತ. ಪಂಚಾಂಗದಲ್ಲಿ ಅದನ್ನು ಹುಡುಕಿದರೆ ಸಿಗುವುದಿಲ್ಲ.

ನೀವೂ ಅವರ ಹಿಂದೆ ಹೊಳೆಗೆ ಇಳಿಯಿರಿ. ತೋಟದ ಕಪ್ಪಿನ ಮೇಲೆ ನಡೆಯುವಾಗ ಉಂಬಳಕ್ಕೆ ಹೆದರಬೇಡಿ, ಹೆದರಿದರೂ ಅದು ಹತ್ತುತ್ತದೆ. ತೋಟ ಮುಗಿದಲ್ಲಿ ಹೊಳೆ ಕೆಂಪಾಗಿ ಹರಿಯುತ್ತಿದೆ. ಮರ ದಡದ ಮೇಲೆ ಹೊಳೆಯ ಕಡೆ ವಾಲಿ ನಿಂತಿದೆ. ಕಳೆದ ಮಳೆಗಾಲದಲ್ಲಿ ದಡ ಕುಸಿದು ಒಂದು ಮಗ್ಗುಲಿನ ಬೇರು ಹೊರಬಿದ್ದಿದೆ. ಅಘನಾಶಿನಿ, ಶರಾವತಿ, ವರದಾ ಮುಂತಾದ ಹೊಳೆಗಳ ಬದಿಯಲ್ಲಿ ಒಳ್ಳೆಯ ಮಿಡಿಯ ಮರಗಳು ಬಹಳ. ಅವುಗಳಲ್ಲಿ ಎಷ್ಟೋ ಮರಗಳ ಕೊನೆಯೂ ಹೀಗೇ, ಹೊಳೆಗೆ ಬಿದ್ದು. ಈ ಮನೆಯವರ ಅವಸರಕ್ಕೆ ಅಜ್ಜಿಯ ನೆನಪು ಒಂದು ಕಾರಣವಾದರೆ ಈ ಬೇರು ಇನ್ನೊಂದು.

ಕೊನೆಗೌಡ ಮತ್ತೆ ಮರ ಹತ್ತುತ್ತಾನೆ. ನಿಮ್ಮ ಕೈಗೆಟಕುವ ಎತ್ತರದಲ್ಲಿ, ಬೊಡ್ಡೆಯಿಂದ ನೇರವಾಗಿ ಎದ್ದ ಸೊಂಪಾದ ಚಿಗುರುಗಳಿವೆ. ಅವು ಸುಲಭ. ಆದರೆ ಮೇಲಿನಮನೆ ಭಾವ ಅವನ್ನು ಮುಟ್ಟುವುದಿಲ್ಲ. ಬಿಸಿಲು ಕಂಡ, ಕಾಯಿ ಬಿಡುವ ಕೊಂಬೆಯ ತುದಿಯ ಮೂರು-ನಾಲ್ಕು ತಿಂಗಳ ಕಡ್ಡಿಯೇ ಬೇಕು. ಪೆನ್ಸಿಲ್ ದಪ್ಪ, ಗೇಣಿಗಿಂತ ಕಡಿಮೆ ಉದ್ದ. ಮೇಲಿನಿಂದ ಬಿದ್ದ ಮೊದಲ ಕಡ್ಡಿಯನ್ನು ಎತ್ತಿ ಅವರು ತೊಟ್ಟಿಗೆ ಬೆರಳು ತಾಗಿಸುತ್ತಾರೆ. ಹತ್ತು ದಿನದ ಹಿಂದೆ ಉಳಿಸಿದ್ದ ತೊಟ್ಟು ತಾನಾಗಿ ಕಳಚಿ ಬೀಳುತ್ತದೆ. ‘ಹದ ಬಂದಿದೆ’ ಎನ್ನುತ್ತಾರೆ. ಕಡ್ಡಿಗಳು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಜಗಲಿಗೆ ಬರುತ್ತವೆ.

ಜಗಲಿಯಲ್ಲಿ ಜಗಳ ಕಾದಿದೆ.

ಐದೂ ಸಸಿಗಳು ಬಚ್ಚಲ ಹಿಂದಿನ ಗೊಬ್ಬರಗುಂಡಿಯಲ್ಲಿ ಹುಟ್ಟಿದವು. ಹೋದ ವರ್ಷ ಅಜ್ಜಿ ಮರದಡಿ ಬಿದ್ದ ಹಣ್ಣು ತಂದು ಗೊಜ್ಜು ಮಾಡಿ ಗೊರಟು ಎಸೆದಿದ್ದರು; ಮೊದಲ ಮಳೆಗೆ ಅವು ಮೊಳೆತವು. ಮೊಮ್ಮಗ ಅವನ್ನು ಚೀಲಕ್ಕೆ ಹಾಕಿ ಬೇಸಿಗೆಯಿಡೀ ನೀರು ಹೊಯ್ದಿದ್ದಾನೆ. ಈಗ ಅವುಗಳ ತಲೆ ಕತ್ತರಿಸುತ್ತಾರೆ ಎಂದು ಗೊತ್ತಾದಾಗಿನಿಂದ ಅವನ ಮುಖ ಸಣ್ಣಗಾಗಿದೆ.

‘ಇವು ಅಜ್ಜಿ ಮರದ್ದೇ ಮಕ್ಕಳಲ್ವಾ ಮಾವ?’ ಬೆಂಗಳೂರಿನಿಂದ ಬಂದ ಮೊಮ್ಮಗಳು ಅವನ ಪರ ವಾದಿಸುತ್ತಾಳೆ. ‘ಒಂದನ್ನ ಹೀಗೇ ನೆಟ್ಟು ಹೆಸರಿಟ್ರೆ ಆಗಲ್ವಾ? ಮತ್ತೆ ಅದೇ ಮರದ ಕಡ್ಡಿ ಯಾಕೆ?’

ಮೇಲಿನಮನೆ ಭಾವ ಉತ್ತರ ಕೊಡುವ ಬದಲು ಐದು ಚೀಲಗಳನ್ನು ಸಾಲಾಗಿ ಇಡುತ್ತಾರೆ. ಬಗ್ಗಿ ನೋಡಿ. ಒಂದರ ಎಳೆಯ ಎಲೆ ತಾಮ್ರದ ಕೆಂಪು, ಇನ್ನೊಂದರದ್ದು ನಸುಹಸಿರು. ಒಂದರ ಎಲೆ ಅಗಲ, ಒಂದರದ್ದು ಚೂಪು. ಅವರು ಒಂದೊಂದರ ಎಲೆ ಹರಿದು, ಹೊಸಕಿ ನಿಮ್ಮ ಮೂಗಿಗೆ ಹಿಡಿಯುತ್ತಾರೆ. ಎರಡನೆಯದರಲ್ಲಿ ಬರೀ ಹಸಿ ವಾಸನೆ. ಮೂರನೆಯದರಲ್ಲಿ ಸಣ್ಣಗೆ ಏನೋ ಇದೆ. ಆಮೇಲೆ ಒದ್ದೆ ಬಟ್ಟೆ ಬಿಚ್ಚಿ, ಹೊಳೆಯ ಮರದ ಒಂದು ಚೂರು ಸಿಪ್ಪೆ ಕೆರೆದು ಕೊಡುತ್ತಾರೆ. ಜೀರಿಗೆ! ಒಗ್ಗರಣೆ ಡಬ್ಬಿಯ ಮುಚ್ಚಳ ತೆಗೆದ ಹಾಗೆ.

ನಮ್ಮ ಕಡೆಯ ಬಹುಪಾಲು ಮಾವಿನ ಗೊರಟಿನಲ್ಲಿ ಇರುವುದು ಒಂದೇ ಮೊಳಕೆ, ಅದು ಹೂವು ಪರಾಗ ಸೇರಿ ಹುಟ್ಟಿದ್ದು. ತಾಯಿ ಗೊತ್ತು, ತಂದೆ ಯಾವ ಬೆಟ್ಟದ ಯಾವ ಮರವೋ, ಪರಾಗ ಹೊತ್ತು ಬಂದ ನೊಣಕ್ಕೂ ನೆನಪಿರಲಿಕ್ಕಿಲ್ಲ. ಹಾಗಾಗಿ ಗೊರಟಿನಿಂದ ಬಂದದ್ದು ಬೇರೆಯೇ ಮರ. ಅದು ಹುಳಿ ಇಲ್ಲದ್ದು, ಸೊನೆ ಇಲ್ಲದ್ದು, ಉಪ್ಪಿಗೆ ಹಾಕಿದರೆ ತಿಂಗಳಲ್ಲಿ ಮೆತ್ತಗಾಗುವಂಥದ್ದು ಆಗಬಹುದು. ಕರಾವಳಿಯ ಕಡೆ ಒಂದೇ ಗೊರಟಿನಿಂದ ಹಲವು ಮೊಳಕೆ ಬಂದು ತಾಯಿಯಂತೆಯೇ ಆಗುವ ಕೆಲವು ಜಾತಿಗಳಿವೆ ನಿಜ, ಇದು ಅದಲ್ಲ. ಇಲ್ಲಿ ಅಜ್ಜಿಯ ಮರವನ್ನೇ ಮುಂದುವರಿಸಬೇಕಾದರೆ ಆ ಮರದ ಕಡ್ಡಿಯನ್ನೇ ಬದುಕಿಸಬೇಕು.

ಹಾಗೆಂದು ಗೊರಟಿನ ಗಿಡವನ್ನು ಹಗುರ ಮಾಡಬೇಕಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಕ್ಯಾಪ್ಟನ್ ಹೇಡನ್ ಎಂಬ ನಿವೃತ್ತ ಸೈನ್ಯಾಧಿಕಾರಿ 1902ರಲ್ಲಿ ಮಾವಿನ ಗೊರಟು ನೆಟ್ಟರು. ಆ ಗೊರಟಿನ ತಾಯಿ ನಮ್ಮ ಭಾರತದಿಂದ ಹೋದ ಮಲ್ಗೋವ. ಗಿಡ ಕಾಯಿ ಬಿಟ್ಟದ್ದು 1910ರಲ್ಲಿ, ಅಷ್ಟರಲ್ಲಿ ನೆಟ್ಟವರು ತೀರಿಕೊಂಡಿದ್ದರು. ಹಣ್ಣು ಕೆಂಪಾಗಿ, ತಾಯಿಗಿಂತ ಬೇರೆಯೇ ಆಗಿ ಬಂತು. ಅದಕ್ಕೆ ಹೇಡನ್ ಎಂದೇ ಹೆಸರಾಯಿತು. ಇವತ್ತು ಜಗತ್ತಿನ ಮಾರುಕಟ್ಟೆಯಲ್ಲಿರುವ ಎಷ್ಟೋ ಕೆಂಪು ಮಾವುಗಳಿಗೆ ಅದೇ ಹಿರಿಯ. ಗಮನಿಸಬೇಕಾದ್ದು ಇಷ್ಟೇ, ಅಲ್ಲಿ ಹೆಸರು ಬಂದದ್ದು ಹಣ್ಣು ನೋಡಿದ ಮೇಲೆ. ಗೊರಟಿನ ಸಸಿಗೆ ನೆಡುವ ದಿನವೇ ಹಿರಿಯರ ಹೆಸರಿಟ್ಟರೆ, ಏಳೆಂಟು ವರ್ಷದ ಮೇಲೆ ಅದು ಏನು ಕೊಟ್ಟರೂ ಅವರ ಹೆಸರಿನಲ್ಲಿ ನುಂಗಬೇಕಾಗುತ್ತದೆ.

ಕೊನೆಗೆ ಒಪ್ಪಂದವಾಗುತ್ತದೆ. ಕೆಂಪೆಲೆಯ ಸಸಿ ಹುಡುಗನಿಗೆ, ತಲೆ ಕತ್ತರಿಸದೆ, ಹೆಸರೂ ಇಡದೆ. ಉಳಿದ ನಾಲ್ಕಕ್ಕೆ ಕಸಿ. ಬುಡ ಅಜ್ಜಿ ಎಸೆದ ಗೊರಟಿನದು, ತಲೆ ಅಜ್ಜಿಯ ಮರದ್ದು. ನನ್ನನ್ನು ಕೇಳಿದರೆ ಇದಕ್ಕಿಂತ ನ್ಯಾಯವಾದ ತೀರ್ಪು ಇಲ್ಲ.

ಈಗ ಭಾವನ ಕೈ ನೋಡಿ. ಸಸಿಯನ್ನು ಮಣ್ಣಿನಿಂದ ಗೇಣಿನಷ್ಟು ಎತ್ತರಕ್ಕೆ ಒಂದೇ ಏಟಿಗೆ ಅಡ್ಡ ಕತ್ತರಿಸುತ್ತಾರೆ. ಹುಡುಗ ಆ ಕಡೆ ತಿರುಗಿಕೊಳ್ಳುತ್ತಾನೆ. ಕತ್ತರಿಸಿದ ತುದಿಯ ನಡುವೆ ಬ್ಲೇಡು ಇಳಿಸಿ ಒಂದೂವರೆ ಇಂಚು ಸೀಳು. ಕಡ್ಡಿಯ ಬುಡವನ್ನು ಎರಡು ಕಡೆಯಿಂದ ಅಷ್ಟೇ ಉದ್ದಕ್ಕೆ ಹೆರೆದು ಬೆಣೆ ಮಾಡುತ್ತಾರೆ. ಹೆರೆತ ಒಂದೇ ಎಳೆತದಲ್ಲಿ ಆಗಬೇಕು, ಎರಡು ಸಲ ಎಳೆದರೆ ಮೈ ಉಬ್ಬುತಗ್ಗಾಗಿ ಒಳಗೆ ಗಾಳಿ ನಿಲ್ಲುತ್ತದೆ. ಹೆರೆದ ಮೈಗೆ ಬೆರಳು ತಾಗಿಸುವುದಿಲ್ಲ. ಬೆಣೆ ಸೀಳಿನೊಳಗೆ ಇಳಿಯುತ್ತದೆ. ಒಂದು ಕಡ್ಡಿ ಸಸಿಗಿಂತ ತೆಳ್ಳಗಿದೆ. ಅದನ್ನು ನಡುವೆ ಕೂರಿಸದೆ ಒಂದು ಅಂಚಿಗೆ ಸರಿಸುತ್ತಾರೆ.

‘ಎರಡರ ಸಿಪ್ಪೆ ಒಳಗಿನ ಹಸಿರು ಪದರ ಒಂದು ಕಡೆಯಾದ್ರೂ ಸೇರಬೇಕು. ಕೂಡೋದು ಅದೇ. ನಡುವಿನ ಕಟ್ಟಿಗೆ ಕೂಡೋದಿಲ್ಲ.’

ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಬಿಗಿಯಾಗಿ ಸುತ್ತುತ್ತಾರೆ, ಮಳೆನೀರು ಒಳಗೆ ಇಳಿಯದ ಹಾಗೆ. ಮೇಲಿಂದ ಕೊಳವೆಯ ಟೊಪ್ಪಿ ತೊಡಿಸಿ ಕೆಳಗೆ ಕಟ್ಟುತ್ತಾರೆ. ಬೇರಿನ ಸಂಬಂಧ ಇಲ್ಲದ ಕಡ್ಡಿ ಒಣಗದಿರಲು ಒಳಗಿನ ಆವಿಯೇ ಗತಿ. ನಾಲ್ಕು ಚೀಲಗಳು ಕೊಟ್ಟಿಗೆಯ ಸೂರಿನಡಿ ನೆರಳು ಸೇರುತ್ತವೆ. ‘ಇವತ್ತು ಹೆಸರು ಬರೀಬೇಡಿ. ತಿಥಿ ಮುಗಿದು ಮೂರು ದಿನ ಬಿಟ್ಟು ಬರ್ತೇನೆ’ ಎಂದು ಹೇಳಿ ಅವರು ಕಾಫಿ ಕುಡಿಯುತ್ತಾರೆ.

ನೀವೂ ಆ ದಿನಕ್ಕೆ ಮತ್ತೆ ಬನ್ನಿ.

ತಿಥಿಗೆ ಬಂದ ಮಗಳು ಸಿದ್ದಾಪುರಕ್ಕೆ ಇನ್ನೂ ಮರಳಿಲ್ಲ. ಚೀಲಗಳು ಸೂರಿನಡಿಯಿಂದ ಅಂಗಳಕ್ಕೆ ಬಂದಿವೆ. ಒಂದರ ಕಡ್ಡಿ ಟೊಪ್ಪಿಯೊಳಗೇ ಕಪ್ಪಾಗಿದೆ. ಅದರಲ್ಲಿ ಅನುಮಾನವಿಲ್ಲ. ಇನ್ನೊಂದು ಎಲ್ಲಕ್ಕಿಂತ ಮೊದಲೇ ಚಿಗುರಿತ್ತಂತೆ, ತಿಥಿಯ ದಿನ ಬಂದವರೆಲ್ಲ ಅದನ್ನೇ ನೋಡಿ ಕೈಮುಗಿದರಂತೆ. ಇವತ್ತು ಅದರ ಚಿಗುರು ಜೋತು ಬಿದ್ದಿದೆ. ಮೇಲಿನಮನೆ ಭಾವನಿಗೆ ಆಶ್ಚರ್ಯವಿಲ್ಲ. ಕಡ್ಡಿಯಲ್ಲಿ ಕೂಡಿಟ್ಟ ಸತ್ವದಿಂದಲೇ ಮೊಗ್ಗು ಒಡೆಯಬಲ್ಲದು, ಬುಡದ ಜೊತೆ ಬೆಸೆಯದೆಯೂ. ಆ ಸತ್ವ ಮುಗಿದ ದಿನ ಬಾಡುತ್ತದೆ. ಚಿಗುರು ಬಂದದ್ದಕ್ಕೆ ಕಸಿ ಹಿಡಿಯಿತು ಎನ್ನಬಾರದು, ಎಲೆ ಬಲಿತು ಹಸಿರಾಗಿ ಬಿಗಿಯಾಗಿ ನಿಂತರೆ ಹಿಡಿಯಿತು ಎನ್ನಬೇಕು. ಉಳಿದೆರಡು ಹಾಗೆ ನಿಂತಿವೆ. ಟೊಪ್ಪಿ ತೆಗೆಯುತ್ತಾರೆ. ಪಟ್ಟಿಯನ್ನು ಇನ್ನೂ ಎರಡು ತಿಂಗಳು ಮುಟ್ಟುವಂತಿಲ್ಲ. ಆಮೇಲೆ ಬಿಚ್ಚಲು ಮರೆಯುವಂತಿಲ್ಲ, ಮರೆತರೆ ಅದೇ ಕಾಂಡದ ಕತ್ತು ಹಿಸುಕುತ್ತದೆ.

ಅವುಗಳಲ್ಲಿ ಒಂದರ ಕಸಿಗಂಟಿನ ಕೆಳಗೆ, ಸಸಿಯ ಮೈಯಿಂದ ಒಂದು ಸೊಂಪಾದ ಚಿಗುರು ಎದ್ದಿದೆ. ಹುಡುಗನಿಗೆ ಖುಷಿ. ಭಾವ ಅದನ್ನು ಉಗುರಿನಿಂದ ಚಿವುಟಿ ಎಸೆಯುತ್ತಾರೆ. ‘ಇದನ್ನ ಬಿಟ್ಟರೆ ಇದೇ ಗೆಲ್ಲೋದು. ಕಡ್ಡಿ ಒಣಗ್ತದೆ. ಹತ್ತು ವರ್ಷ ಬಿಟ್ಟು ಬೋರ್ಡಿನಲ್ಲಿ ಅಜ್ಜಿ ಹೆಸರು ಇರ್ತದೆ, ಮರದಲ್ಲಿ ಕಾಡುಮಾವು ಇರ್ತದೆ.’

ಈಗ ಹೆಸರು. ಯಜಮಾನರು ಎರಡು ಅಲ್ಯೂಮಿನಿಯಂ ತಗಡಿನ ಚೂರು ತಂದಿದ್ದಾರೆ. ಅಮ್ಮನ ಹೆಸರಿಗೆ ‘ಅಪ್ಪೆ’ ಸೇರಿಸಿ ಬರೆಯೋಣ ಎಂದು ಅವರ ಲೆಕ್ಕ.

‘ಅಮ್ಮನ ಹೆಸರು ಯಾರಿಗೆ ಗೊತ್ತಿತ್ತು ಅಣ್ಣ?’ ತಂಗಿ ಕೇಳುತ್ತಾರೆ. ‘ರೇಷನ್ ಕಾರ್ಡಲ್ಲಿ ಇತ್ತು, ಆಮೇಲೆ ಉತ್ತರಕ್ರಿಯೆ ಕಾಗದದಲ್ಲಿ ಬಂತು. ಊರಿಗೆಲ್ಲ ಗದ್ದೆಮನೆ ಅಜ್ಜಿ.’

ಮಿಡಿಯ ಹೆಸರುಗಳು ಈ ಕಡೆ ಹಾಗೇ ಬಂದಿವೆ. ಅನಂತ ಭಟ್ಟನ ಅಪ್ಪೆ ಎಂದರೆ ಉಪ್ಪಿನಕಾಯಿ ಬಲ್ಲವರಿಗೆಲ್ಲ ಗೊತ್ತು. ಗೆಣಸಿನಕುಣಿ ಜೀರಿಗೆ, ದೊಂಬೆಸರ ಜೀರಿಗೆ ಎಂದರೂ ಅಷ್ಟೇ. ಮೊದಲ ಪದ ಮರ ಯಾರದ್ದು ಅಥವಾ ಎಲ್ಲಿಯದು ಎಂದು ಹೇಳುತ್ತದೆ, ಎರಡನೆಯದು ಅದು ಎಂಥದು ಎಂದು. ಹೊರಗಿನಿಂದ ಬಂದು ಯಾರೂ ನಾಮಕರಣ ಮಾಡಿದ್ದಲ್ಲ. ‘ಯಾರ ಮನೆ ಮಿಡಿ ಇದು?’ ಎಂಬ ಪ್ರಶ್ನೆಗೆ ಮಿಡಿ ಹಾಕುವ ಹೆಂಗಸರು ಕೊಟ್ಟುಕೊಂಡ ಉತ್ತರವೇ ಹೆಸರಾಗಿ ನಿಂತಿದೆ.

‘ಅಪ್ಪೆಯೋ ಜೀರಿಗೆಯೋ ಮೊದಲು ತೀರ್ಮಾನ ಆಗ್ಲಿ’ ಎನ್ನುತ್ತಾರೆ ಭಾವ.

ಮಗಳು ಒಳಗೆ ಹೋಗಿ ಭರಣಿ ತರುತ್ತಾರೆ. ಅಜ್ಜಿ ಕೊನೆಯ ಸಲ ಹಾಕಿದ ಉಪ್ಪುಮಿಡಿ, ಹೋದ ವರ್ಷದ ಬೇಸಿಗೆಯದು. ತೊಟ್ಟು ಒಂದಿಂಚು ಬಿಟ್ಟು ಕೊಯ್ದು, ತೊಳೆಯದೆ ಬಟ್ಟೆಯಲ್ಲಿ ಒರೆಸಿ, ಸುಮಾರು ನಾಲ್ಕು ಪಾಲು ಮಿಡಿಗೆ ಒಂದು ಪಾಲು ಕಲ್ಲುಪ್ಪಿನಂತೆ ಪದರ ಪದರವಾಗಿ ಹಾಕಿದ್ದು. ಭರಣಿಯ ಬಾಯಿಗೆ ಕಟ್ಟಿದ ಬಟ್ಟೆಯ ಗಂಟು ಕೂಡ ಅವರು ಹಾಕಿದ ರೀತಿಯದೇ ಎಂದು ಮಗಳು ತೋರಿಸುತ್ತಾರೆ. ಬಟ್ಟೆ ಬಿಚ್ಚಿದಾಗ ಜಗಲಿಯಲ್ಲಿದ್ದವರೆಲ್ಲ ಒಂದು ಕ್ಷಣ ಮಾತು ಬಿಡುತ್ತಾರೆ. ನಿಮ್ಮ ಅಂಗೈಗೂ ಒಂದು ಮಿಡಿ ಬೀಳುತ್ತದೆ, ಚಿರುಟಿದ್ದು, ತೊಟ್ಟು ಕಳಚದ್ದು. ಕಚ್ಚಿ. ಹದಿನಾರು ತಿಂಗಳ ಮೇಲೂ ಕಟುಂ ಎನ್ನುತ್ತದೆ. ಹುಳಿ ದವಡೆಗೆ ಹತ್ತಿ, ಆಮೇಲೆ ಮೂಗಿನ ಹಿಂದೆ ಜೀರಿಗೆ ಏಳುತ್ತದೆ. ತೊಟ್ಟಿನ ಬುಡದ ಸೊನೆಯಲ್ಲಿರುವ ಪರಿಮಳದ ಎಣ್ಣೆಯ ಕೆಲಸ ಅದು. ಎಳೆ ಮಿಡಿಯ ತೊಟ್ಟು ಮುರಿದು ಆ ಸೊನೆಯನ್ನು ದೀಪಕ್ಕೆ ಚಿಮ್ಮಿಸಿದರೆ ಚಟಪಟ ಹೊತ್ತಿಕೊಳ್ಳುತ್ತದೆ. ಅಜ್ಜಿ ಮಿಡಿ ಕೊಳ್ಳುವವರ ಮುಂದೆ ಹಾಗೆ ಮಾಡಿ ತೋರಿಸುತ್ತಿದ್ದರಂತೆ.

‘ಜೀರಿಗೆ’ ಎಂದು ಭಾವ ತೀರ್ಪು ಕೊಡುತ್ತಾರೆ.

ಬಾಲ್‌ಪೆನ್ನಿನ ಮೊನೆಯಿಂದ ಒತ್ತಿ ಮೊಮ್ಮಗಳು ತಗಡಿನ ಮೇಲೆ ಬರೆಯುತ್ತಾಳೆ: ಗದ್ದೆಮನೆ ಅಜ್ಜಿ ಜೀರಿಗೆ. ಕೆಳಗೆ ಸಣ್ಣದಾಗಿ, ಹೊಳೆದಡದ ಮರದಿಂದ, ಮತ್ತೆ ಇಸವಿ. ಶಾಯಿ ಮಳೆಗೆ ಹೋದರೂ ಒತ್ತಿದ ಗೆರೆ ಉಳಿಯುತ್ತದೆ. ತಂತಿಯಿಂದ ಅದನ್ನು ಕಾಂಡಕ್ಕೆ ಸುತ್ತಲು ಹೊರಟ ಹುಡುಗನ ಕೈಯನ್ನು ಭಾವ ತಡೆಯುತ್ತಾರೆ. ಕಾಂಡ ದಪ್ಪವಾದಂತೆ ತಂತಿ ಒಳಗೆ ಇಳಿದು ಗಿಡವನ್ನೇ ಕೊಲ್ಲುತ್ತದೆ. ತಗಡು ಆಧಾರದ ಗೂಟಕ್ಕೆ. ಯಜಮಾನರು ತೋಟದ ಲೆಕ್ಕದ ಪುಸ್ತಕದಲ್ಲೂ ಬರೆದಿಡುತ್ತಾರೆ: ಯಾವ ಮರದ ಕಡ್ಡಿ, ಯಾವ ದಿನ, ನೆಡುವುದು ಎಲ್ಲಿ. ತಗಡು ಕಳೆದು, ಬಲ್ಲವರು ಹೋಗಿ, ಹೆಸರು ಮರೆತ ಮಿಡಿಮರಗಳು ಈ ತಾಲ್ಲೂಕಿನಲ್ಲಿ ಕಡಿಮೆಯಿಲ್ಲ.

ನೆಡುವುದು ಬರುವ ವರ್ಷದ ಮೊದಲ ಮಳೆಗೆ. ಜಾಗ ಈಗಲೇ ನೋಡಿದ್ದಾರೆ, ಹೊಳೆಯಿಂದ ಮೇಲೆ, ಅಡಿಕೆಗೆ ನೆರಳು ಬೀಳದ ಕಡೆ, ಸುತ್ತ ಮೂವತ್ತು ಅಡಿ ಖಾಲಿ. ಮಲೆನಾಡಿನ ಮಳೆಗೆ ಗುಂಡಿಯಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಆದ್ದರಿಂದ ಗುಂಡಿ ತುಂಬಿಸಿ ಮೇಲೆ ದಿಬ್ಬ ಏರಿಸಿ ಅದರಲ್ಲಿ ನೆಡಬೇಕು. ಕಸಿಗಂಟು ಮಣ್ಣಿನಿಂದ ಮೇಲೇ ಇರಬೇಕು. ಮೊದಲ ಮೂರು ವರ್ಷ ಹೂ ಬಂದರೆ ಮುರಿದು ಹಾಕಬೇಕು. ಕಸಿ ಗಿಡ ಎರಡನೇ ವರ್ಷಕ್ಕೇ ಹೂ ಬಿಟ್ಟು ಆಸೆ ಹುಟ್ಟಿಸುತ್ತದೆ. ಅಜ್ಜಿಯ ಹೆಸರಿನ ಹೂವನ್ನು ಮುರಿಯಲು ಯಾರಿಗೆ ಕೈ ಬರುತ್ತದೋ ನೋಡಬೇಕು.

‘ಇದನ್ನ ರಿಜಿಸ್ಟರ್ ಮಾಡಿಸಬಹುದು ದೊಡ್ಡಪ್ಪ,’ ಮೊಮ್ಮಗಳು ಹೇಳುತ್ತಾಳೆ. ಅವಳು ಹೇಳುವುದು ನಿಜ. ಸಸ್ಯತಳಿಗಳ ರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯ್ದೆಯಡಿ ರೈತರು ತಮ್ಮ ತಳಿಯನ್ನು ತಮ್ಮ ಹೆಸರಲ್ಲಿ ನೋಂದಾಯಿಸಬಹುದು. ಹೆಸರಿಗೂ ಅಲ್ಲಿ ನಿಯಮವಿದೆ: ಬರೀ ಅಂಕಿ ಆಗಬಾರದು, ಬೇರೆ ತಳಿಯ ಹೆಸರಿನ ಜೊತೆ ಗೊಂದಲವಾಗಬಾರದು, ತಳಿಯ ಗುಣದ ಬಗ್ಗೆ ದಾರಿ ತಪ್ಪಿಸಬಾರದು. ಜೀರಿಗೆಯ ಗಂಧವಿಲ್ಲದ್ದನ್ನು ಜೀರಿಗೆ ಎನ್ನುವಂತಿಲ್ಲ ಎಂದ ಹಾಗಾಯಿತು. ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಚೇಳೂರಿನ ಹಲಸಿನ ಮರ ಇಂಥ ದಾರಿಯಲ್ಲೇ ಹೋಗಿ ಪ್ರಸಿದ್ಧವಾಯಿತು. ಕೆಂಪು ತೊಳೆಯ ಆ ಮರವನ್ನು ನೆಟ್ಟಿದ್ದವರು ಸಿದ್ದಪ್ಪ. ಮಗ ಪರಮೇಶ ಅವರು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ನೆರವಿನಿಂದ ಕಸಿ ಮಾಡಿ ಹಂಚಿದರು, ತಳಿಗೆ ಸಿದ್ದು ಎಂದೇ ಹೆಸರಾಯಿತು.

ಹೆಸರು ಮಾರುಕಟ್ಟೆಗೆ ಹೋಗಬಹುದು ಎಂಬ ಮಾತು ಬಂದದ್ದೇ ಯಜಮಾನರ ಹುಬ್ಬು ಗಂಟಾಗುತ್ತದೆ. ಅಮ್ಮನ ಹೆಸರನ್ನು ಮಾರುವುದೇ? ತಂಗಿಗೆ ಆ ಚಿಂತೆಯಿಲ್ಲ. ಎರಡರಲ್ಲಿ ಬಲವಾದ ಚೀಲವನ್ನು ಆಗಲೇ ತನ್ನ ಕಡೆ ಎಳೆದುಕೊಂಡಿದ್ದಾರೆ.

‘ಅದು ಇಲ್ಲಿಗೆ ಇರ್ಲಿ’ ಎನ್ನುತ್ತಾರೆ ಅಣ್ಣ.

‘ನಿಂಗೆ ಮೂಲದ ಮರವೇ ಇದೆಯಲ್ಲ.’

‘ಬರುವ ಮಳೆಗೆ ಇರ್ತದೋ ಇಲ್ವೋ.’

‘ಅದಕ್ಕೇ ಒಂದು ನನ್ನ ಮನೇಲಿ ಇರ್ಲಿ.’

ಮೇಲಿನಮನೆ ಭಾವ ಬ್ಲೇಡು ಒರೆಸುತ್ತಾರೆ. ಕೂಲಿ ಎಷ್ಟು ಎಂದು ಕೇಳಿದರೆ ಹಣ ಬೇಡವೆಂದು, ಬರುವ ವರ್ಷಕ್ಕೆ ಇಪ್ಪತ್ತು ಕಡ್ಡಿ ಕೇಳುತ್ತಾರೆ. ಅವರಿಗೂ ನರ್ಸರಿ ಇದೆ, ಕೇಳುವವರಿದ್ದಾರೆ. ಯಜಮಾನರು ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತಾ ಸ್ವಲ್ಪ ಹೊತ್ತು ಲೆಕ್ಕ ಹಾಕುತ್ತಾರೆ.

‘ಹದಿನೈದು ಕೊಡ್ತೇನೆ. ಮರಕ್ಕೆ ಭಾರ ಆಗಬಾರದು. ಹೆಸರು ಮಾತ್ರ ಪೂರ್ತಿ ಬರೀಬೇಕು ಭಾವ, ಗದ್ದೆಮನೆ ಬಿಟ್ಟು ಬರೀ ಅಜ್ಜಿ ಜೀರಿಗೆ ಅಂತ ಬರೆದ್ರೆ ಆಗೋದಿಲ್ಲ. ಅಜ್ಜಿಯರು ಎಲ್ಲರ ಮನೇಲೂ ಇದ್ದಾರೆ.’

‘ಹದಿನೆಂಟು’ ಎನ್ನುತ್ತಾರೆ ಭಾವ.